ಹತ್ತು ನ್ಯಾನೋಸೆಕೆಂಡ್ ಮೊದಲೇ ಬಂದರೂ ತಡ

ಮಹಡಿ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್ ಇರುವುದು ಎಲ್ಲರಿಗೂ ಗೊತ್ತು. ಎರಡೂ ಒಂದೇ ಕಡೆಗಿದ್ದರೆ ದೀಪ ಆರಿರುತ್ತದೆ, ಒಂದು ಆಚೆ ಒಂದು ಈಚೆ ಇದ್ದರೆ ಉರಿಯುತ್ತದೆ ಎಂದಿಟ್ಟುಕೊಳ್ಳಿ. ಬೆಳಗ್ಗೆಯಿಂದ ಯಾರು ಎಷ್ಟು ಸಲ ಒತ್ತಿದರು, ಯಾವುದನ್ನು ಮೊದಲು ಒತ್ತಿದರು ಎಂಬ ಲೆಕ್ಕ ದೀಪಕ್ಕೆ ಬೇಡ. ಈ ಕ್ಷಣದಲ್ಲಿ ಎರಡು ಸ್ವಿಚ್‌ಗಳು ಹೇಗಿವೆ ಎಂದು ತಿಳಿದರೆ ದೀಪ ಉರಿಯುತ್ತಿದೆಯೋ ಇಲ್ಲವೋ ಹೇಳಿಬಿಡಬಹುದು. ಇದು ಕಾಂಬಿನೇಷನಲ್ ಲಾಜಿಕ್.

ಟಿವಿ ರಿಮೋಟಿನ ಪವರ್ ಗುಂಡಿಯದು ಬೇರೆಯೇ ರೀತಿ. ಗುಂಡಿ ಒಂದೇ, ಒತ್ತುವ ಬೆರಳೂ ಒಂದೇ. ಟಿವಿ ಆರಿದ್ದರೆ ಹೊತ್ತಿಕೊಳ್ಳುತ್ತದೆ, ಹೊತ್ತಿದ್ದರೆ ಆರುತ್ತದೆ. ಗುಂಡಿಯನ್ನು ಎಷ್ಟು ನೋಡಿದರೂ ಮುಂದೇನಾಗುತ್ತದೆಂದು ಹೇಳಲಾಗದು. ಹಿಂದಿನ ಸ್ಥಿತಿ ಏನಿತ್ತು ಎಂಬುದೂ ಗೊತ್ತಿರಬೇಕು. ಆ ಸ್ಥಿತಿಯನ್ನು ಟಿವಿಯೊಳಗೆ ಯಾವುದೋ ಒಂದು ಸರ್ಕ್ಯೂಟ್ ನೆನಪಿಟ್ಟುಕೊಂಡಿರುತ್ತದೆ. ಇದು ಸೀಕ್ವೆನ್ಷಿಯಲ್ ಲಾಜಿಕ್.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಷ್ಟನ್ನು ಹೇಳಿ ಮುಂದೆ ಹೋಗುತ್ತವೆ: ಒಂದಕ್ಕೆ ನೆನಪಿಲ್ಲ, ಇನ್ನೊಂದಕ್ಕೆ ನೆನಪಿದೆ. ಈ ಮಾತು ಸರಿಯಾದದ್ದೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಈ ಎರಡೂ ಒಂದೇ ಸರ್ಕ್ಯೂಟಿನಲ್ಲಿ ಸೇರಿ ಕೆಲಸ ಮಾಡುವಾಗ ಏನು ತೊಂದರೆ ಬರುತ್ತದೆ ಎಂಬುದು ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ಕಾಂಬಿನೇಷನಲ್ ಸರ್ಕ್ಯೂಟ್ ಉತ್ತರ ಕೊಡಲು ಸಮಯ ತೆಗೆದುಕೊಳ್ಳುತ್ತದೆ, ಮತ್ತು ಆ ಸಮಯ ಮುಗಿಯುವವರೆಗೆ ತಪ್ಪು ಉತ್ತರಗಳನ್ನು ತೋರಿಸುತ್ತಿರುತ್ತದೆ.

ನಾಲ್ಕು ಬಿಟ್‌ಗಳ ಒಂದು ಸರಳ ಆ್ಯಡರ್ ತೆಗೆದುಕೊಳ್ಳೋಣ. ಅದಕ್ಕೆ 7 ಮತ್ತು 1 ಕೊಡುತ್ತೇವೆ. ದ್ವಿಮಾನ ಪದ್ಧತಿಯಲ್ಲಿ 0111 ಮತ್ತು 0001. ಬಲಗಡೆಯಿಂದ 1ರ ಸ್ಥಾನ, 2ರ ಸ್ಥಾನ, 4ರ ಸ್ಥಾನ, 8ರ ಸ್ಥಾನ ಎಂದು ನಾಲ್ಕು ಮನೆಗಳು. ಪ್ರತಿ ಮನೆಯೂ ತನ್ನ ಎರಡು ಅಂಕೆಗಳನ್ನು ಕೂಡಿಸಿ, ಉಳಿದರೆ ಕ್ಯಾರಿಯನ್ನು ಎಡಗಡೆಯ ಮನೆಗೆ ದಾಟಿಸುತ್ತದೆ. ಅಂಕೆಗಳು ನಾಲ್ಕೂ ಮನೆಗಳಿಗೆ ಒಟ್ಟಿಗೇ ಬಂದು ಸೇರುತ್ತವೆ, ಆದರೆ ಕ್ಯಾರಿ ಮಾತ್ರ ಒಂದೊಂದೇ ಮನೆ ದಾಟಿ ಬರಬೇಕು. ಹಾಗಾಗಿ ಕ್ಯಾರಿ ಇನ್ನೂ ಹೊರಡುವ ಮೊದಲು ಸರ್ಕ್ಯೂಟಿನ ಉತ್ತರ 0110, ಅಂದರೆ 6. ಕ್ಯಾರಿ 2ರ ಸ್ಥಾನಕ್ಕೆ ಬಂದಾಗ ಉತ್ತರ 0100, ಅಂದರೆ 4. 4ರ ಸ್ಥಾನಕ್ಕೆ ಬಂದಾಗ 0000, ಬರೀ ಸೊನ್ನೆ. 8ರ ಸ್ಥಾನವನ್ನು ಮುಟ್ಟಿದ ಮೇಲೆ 1000, ಅಂದರೆ 8. ಏಳಕ್ಕೆ ಒಂದು ಕೂಡಿಸಿದರೆ ಆರು, ನಾಲ್ಕು, ಸೊನ್ನೆ, ಆಮೇಲೆ ಎಂಟು.

ಇದು ದೋಷವಲ್ಲ, ಗೇಟ್‌ಗಳ ಸ್ವಭಾವ. ಪ್ರತಿ ಗೇಟಿನೊಳಗೆ ಟ್ರಾನ್ಸಿಸ್ಟರ್‌ಗಳು ಆನ್-ಆಫ್ ಆಗಲು, ಮುಂದಿನ ತಂತಿಯನ್ನು ಚಾರ್ಜ್ ಮಾಡಲು ಒಂದಿಷ್ಟು ಹೊತ್ತು ಬೇಕೇ ಬೇಕು. ಹಳೆಯ ಟಿಟಿಎಲ್ ಚಿಪ್‌ಗಳಲ್ಲಿ ಅದು ಹತ್ತಿಪ್ಪತ್ತು ನ್ಯಾನೋಸೆಕೆಂಡ್. ಇಲ್ಲಿ ನಿಜವಾದ ತೊಂದರೆ ಬೇರೆಯೇ ಇದೆ. ‘ಈಗ ಬಂದದ್ದು ಕೊನೆಯ ಉತ್ತರ, ಇದನ್ನು ತೆಗೆದುಕೋ’ ಎಂದು ಆ್ಯಡರ್ ಯಾರಿಗೂ ಹೇಳುವುದಿಲ್ಲ. 6 ಕೂಡ 8ರಷ್ಟೇ ಖಚಿತವಾಗಿ ತಂತಿಗಳ ಮೇಲೆ ನಿಂತಿರುತ್ತದೆ. ಯಾವಾಗ ಓದಬೇಕು ಎಂಬುದನ್ನು ಹೊರಗಿನಿಂದಲೇ ಯಾರಾದರೂ ತೀರ್ಮಾನಿಸಬೇಕು. ಆ ತೀರ್ಮಾನ ಕ್ಲಾಕಿನದು. ಓದಿಟ್ಟುಕೊಳ್ಳುವ ಕೆಲಸ ಫ್ಲಿಪ್-ಫ್ಲಾಪಿನದು.

ನೆನಪಿಟ್ಟುಕೊಳ್ಳುವ ಈ ಸರ್ಕ್ಯೂಟ್ ಕಂಪ್ಯೂಟರಿಗಿಂತ ಹಳೆಯದು. ಬ್ರಿಟನ್ನಿನ ವಿಲಿಯಂ ಎಕ್ಲಿಸ್ ಮತ್ತು ಎಫ್. ಡಬ್ಲ್ಯು. ಜೋರ್ಡನ್ ಎರಡು ವ್ಯಾಕ್ಯೂಮ್ ಟ್ಯೂಬ್‌ಗಳನ್ನು ಒಂದಕ್ಕೊಂದು ಹೆಣೆದು 1918ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಅದರ ತಿರುಳು ಇಂದಿಗೂ ಬದಲಾಗಿಲ್ಲ. ಎರಡು ಇನ್ವರ್ಟರ್ ತೆಗೆದುಕೊಂಡು, ಮೊದಲನೆಯದರ ಔಟ್‌ಪುಟ್ಟನ್ನು ಎರಡನೆಯದಕ್ಕೆ, ಎರಡನೆಯದರ ಔಟ್‌ಪುಟ್ಟನ್ನು ಮತ್ತೆ ಮೊದಲನೆಯದಕ್ಕೆ ಜೋಡಿಸಿದರೆ ಒಂದು ಬಳೆಯಾಗುತ್ತದೆ. ಒಂದು 1 ಕೊಟ್ಟರೆ ಇನ್ನೊಂದು 0 ಕೊಡುತ್ತದೆ, ಆ 0 ಮತ್ತೆ ಮೊದಲನೆಯದರಿಂದ 1 ಹೊರಡಿಸುತ್ತದೆ. ಕರೆಂಟ್ ಇರುವವರೆಗೂ ಬಳೆ ಹಾಗೇ ನಿಲ್ಲುತ್ತದೆ. ಔಟ್‌ಪುಟ್ ಹಿಂದಿರುಗಿ ತನ್ನ ಇನ್‌ಪುಟ್ಟಿಗೇ ಬರುವ ಈ ಸುತ್ತು ಇದ್ದರೆ ನೆನಪು ಸಾಧ್ಯ. ಇಲ್ಲದಿದ್ದರೆ ಸರ್ಕ್ಯೂಟಿನಲ್ಲಿ ಎಷ್ಟು ಸಾವಿರ ಗೇಟ್ ಇದ್ದರೂ ಅದು ಕಾಂಬಿನೇಷನಲ್ಲೇ.

ಬಳೆಗೆ ಹೊಸ ಬಿಟ್ ಬರೆಯಲು ಒಂದು ಬಾಗಿಲು ಬೇಕು. ಬಾಗಿಲು ತೆರೆದಿರುವಾಗ ಇನ್‌ಪುಟ್ ನೇರವಾಗಿ ಒಳಗೆ ಹರಿಯುತ್ತದೆ, ಮುಚ್ಚಿದಾಗ ಬಳೆ ತನ್ನಲ್ಲಿದ್ದುದನ್ನು ಹಿಡಿದುಕೊಳ್ಳುತ್ತದೆ. ಇದಕ್ಕೆ ಲ್ಯಾಚ್ ಎನ್ನುತ್ತಾರೆ. ಲ್ಯಾಚ್ ಒಂದೇ ಸಾಲದು, ಏಕೆಂದರೆ ಬಾಗಿಲು ತೆರೆದಿರುವಷ್ಟು ಹೊತ್ತೂ ಆ 6, 4, 0 ಎಲ್ಲ ಅದರ ಮೂಲಕ ಹಾದುಹೋಗುತ್ತವೆ. ಅದಕ್ಕೇ ಎರಡು ಲ್ಯಾಚ್‌ಗಳನ್ನು ಬೆನ್ನಿಗೆ ಬೆನ್ನು ಇಟ್ಟು, ಬಾಗಿಲುಗಳನ್ನು ಕ್ಲಾಕಿಗೆ ಒಪ್ಪಿಸುತ್ತಾರೆ. ಕ್ಲಾಕ್ 0 ಇರುವಾಗ ಮೊದಲ ಬಾಗಿಲು ತೆರೆದಿರುತ್ತದೆ, ಎರಡನೆಯದು ಮುಚ್ಚಿರುತ್ತದೆ. ಕ್ಲಾಕ್ 1ಕ್ಕೆ ಏರಿದೊಡನೆ ಮೊದಲನೆಯದು ಮುಚ್ಚಿ ಎರಡನೆಯದು ತೆರೆಯುತ್ತದೆ. ಏರುವ ಆ ಕ್ಷಣದಲ್ಲಿ ಒಳಗೆ ಸಿಕ್ಕಿದ ಬಿಟ್ ಮಾತ್ರ ಹೊರಗೆ ಕಾಣುತ್ತದೆ. ಮುಂದಿನ ಏರಿಕೆಯವರೆಗೆ ಇನ್‌ಪುಟ್ ಏನೇ ಕುಣಿದರೂ ಔಟ್‌ಪುಟ್ ಕದಲುವುದಿಲ್ಲ. ಇದೇ ಡಿ ಫ್ಲಿಪ್-ಫ್ಲಾಪ್. ಕ್ಲಾಕ್ ಏರುವ ಕ್ಷಣಕ್ಕೆ ಎಡ್ಜ್ ಎನ್ನುತ್ತಾರೆ.

ಸೆಟಪ್ ಟೈಮ್ ಹುಟ್ಟುವುದು ಈ ಮೊದಲ ಬಾಗಿಲಿನಲ್ಲಿ. ಬಾಗಿಲು ಮುಚ್ಚುವ ಹೊತ್ತಿಗೆ ಹೊಸ ಬಿಟ್ ಹೊಸ್ತಿಲ ಬಳಿ ಬಂದು ನಿಂತಿದ್ದರೆ ಸಾಲದು. ಅದು ಒಳಗೆ ಬಂದು, ಮೊದಲ ಇನ್ವರ್ಟರನ್ನು ತಿರುಗಿಸಿ, ಎರಡನೆಯದನ್ನೂ ತಿರುಗಿಸಿ, ಬಳೆಯನ್ನು ಒಂದು ಸುತ್ತು ಪೂರ್ತಿ ಮಾಡಿರಬೇಕು. ಆಗ ಮಾತ್ರ ಬಾಗಿಲು ಮುಚ್ಚಿದ ಮೇಲೆ ಬಳೆ ಹೊಸ ಬಿಟ್ಟನ್ನು ತಾನೇ ಎತ್ತಿ ಹಿಡಿಯಬಲ್ಲದು. ಒಳಗಿನ ಇನ್ವರ್ಟರ್‌ಗಳೂ ಗೇಟ್‌ಗಳೇ ಆದ್ದರಿಂದ ಆ ಸುತ್ತಿಗೂ ಸಮಯ ಬೇಕು. ಎಡ್ಜ್‌ಗಿಂತ ಮೊದಲು ಇನ್‌ಪುಟ್ ಕದಲದೆ ನಿಂತಿರಬೇಕಾದ ಆ ಕನಿಷ್ಠ ಸಮಯವೇ ಸೆಟಪ್ ಟೈಮ್. ತಯಾರಕರು ಸುಮ್ಮನೆ ಹಾಕಿಟ್ಟ ನಿಯಮವಲ್ಲ ಅದು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಹೆಸರಾಂತ 7474 ಚಿಪ್ಪಿನಲ್ಲಿ ಇದು 20 ನ್ಯಾನೋಸೆಕೆಂಡ್. 7474ರ ಒಳಗಿನ ಜೋಡಣೆ ಸ್ವಲ್ಪ ಬೇರೆ, ಆರು ನ್ಯಾಂಡ್ ಗೇಟ್‌ಗಳದ್ದು. ಆದರೆ ಕಾರಣ ಅದೇ ಜಾತಿಯದು. ಎಡ್ಜ್ ಬರುವ ಮುನ್ನ ಡೇಟಾ ಒಳಗಿನ ಎರಡು ಗೇಟ್‌ಗಳನ್ನು ದಾಟಿರಬೇಕು.

ಈಗ ಎರಡನ್ನೂ ಸೇರಿಸಿ ಒಂದು ಕೌಂಟರ್ ಕಟ್ಟೋಣ. ನಾಲ್ಕು ಫ್ಲಿಪ್-ಫ್ಲಾಪ್‌ಗಳು, ಅಂದರೆ ಎರಡು 7474 ಚಿಪ್‌ಗಳು, ಈಗಿನ ಎಣಿಕೆಯನ್ನು ಹಿಡಿದಿವೆ. ಅವುಗಳ ಔಟ್‌ಪುಟ್ಟನ್ನು ಕೆಲವು ಗೇಟ್‌ಗಳು ಓದಿ, ಒಂದು ಕೂಡಿಸಿ, ಮತ್ತೆ ಅದೇ ಫ್ಲಿಪ್-ಫ್ಲಾಪ್‌ಗಳ ಇನ್‌ಪುಟ್ಟಿಗೆ ತಂದು ನಿಲ್ಲಿಸುತ್ತವೆ. ಪ್ರತಿ ಎಡ್ಜ್‌ಗೆ ಎಣಿಕೆ ಒಂದು ಹೆಚ್ಚುತ್ತದೆ. 1ರ ಸ್ಥಾನ ಪ್ರತಿ ಸಲವೂ ಅದಲುಬದಲಾಗುವುದರಿಂದ ಅದಕ್ಕೆ ಗೇಟೇ ಬೇಡ, ಅದರದೇ ತಿರುವು ಔಟ್‌ಪುಟ್ ಸಾಕು. 2ರ ಸ್ಥಾನಕ್ಕೆ ಒಂದು ಎಕ್ಸಾರ್ ಗೇಟ್. 4ರ ಸ್ಥಾನಕ್ಕೆ ‘ಕೆಳಗಿನ ಎರಡೂ 1 ಇವೆಯೇ’ ಎಂದು ನೋಡುವ ಒಂದು ಆ್ಯಂಡ್, ಆಮೇಲೆ ಎಕ್ಸಾರ್. 8ರ ಸ್ಥಾನಕ್ಕೆ ಆ ಆ್ಯಂಡ್‌ನ ಫಲಿತಾಂಶವನ್ನು 4ರ ಸ್ಥಾನದ ಜೊತೆ ಸೇರಿಸುವ ಮತ್ತೊಂದು ಆ್ಯಂಡ್, ಕೊನೆಗೆ ಎಕ್ಸಾರ್. ಅತಿ ಉದ್ದದ ದಾರಿ ಇದೇ: ಆ್ಯಂಡ್, ಆ್ಯಂಡ್, ಎಕ್ಸಾರ್.

ಎಡ್ಜ್ ಬಂದ ಮೇಲೆ 7474ರ ಔಟ್‌ಪುಟ್ ಬದಲಾಗಲು ಹೆಚ್ಚೆಂದರೆ 40 ನ್ಯಾನೋಸೆಕೆಂಡ್ ಹಿಡಿಯುತ್ತದೆ ಎಂದು ಡೇಟಾಶೀಟ್ ಹೇಳುತ್ತದೆ. ಗೇಟ್‌ಗಳ ಅಂಕಿಗಳು ಚಿಪ್ಪಿನಿಂದ ಚಿಪ್ಪಿಗೆ ಬೇರೆ. ಲೆಕ್ಕ ಸುಲಭವಾಗಲಿ ಎಂದು ಪ್ರತಿ ಗೇಟಿಗೆ 25 ನ್ಯಾನೋಸೆಕೆಂಡ್ ಹಿಡಿಯೋಣ. ಕ್ಲಾಕನ್ನು 8 ಮೆಗಾಹರ್ಟ್ಸ್‌ಗೆ ಇಡೋಣ, ಅಂದರೆ ಒಂದು ಎಡ್ಜ್‌ನಿಂದ ಇನ್ನೊಂದಕ್ಕೆ 125 ನ್ಯಾನೋಸೆಕೆಂಡ್.

ಎಣಿಕೆ 6ರಿಂದ 7ಕ್ಕೆ ಈಗಷ್ಟೇ ಬಂದಿದೆ. ಎಡ್ಜ್ ಬಂದ ಕ್ಷಣ ಸೊನ್ನೆ ಎಂದುಕೊಳ್ಳಿ. 40ಕ್ಕೆ 1ರ ಸ್ಥಾನ 1 ಆಗುತ್ತದೆ. 65ಕ್ಕೆ ಮೊದಲ ಆ್ಯಂಡ್, 90ಕ್ಕೆ ಎರಡನೆಯ ಆ್ಯಂಡ್ 1 ಆಗುತ್ತವೆ. 115ಕ್ಕೆ ಎಕ್ಸಾರ್ ತಿರುಗಿ, 8ರ ಸ್ಥಾನದ ಫ್ಲಿಪ್-ಫ್ಲಾಪಿನ ಮುಂದೆ 1 ಬಂದು ನಿಲ್ಲುತ್ತದೆ. ಮುಂದಿನ ಎಡ್ಜ್ 125ಕ್ಕೆ. ಉತ್ತರ ಹತ್ತು ನ್ಯಾನೋಸೆಕೆಂಡ್ ಮೊದಲೇ ಬಂದಿದೆ. ಮೇಲ್ನೋಟಕ್ಕೆ ಎಲ್ಲ ಸರಿಯಾಗಿದೆ.

ಆದರೆ ಫ್ಲಿಪ್-ಫ್ಲಾಪಿಗೆ ಬೇಕಾದದ್ದು ಇಪ್ಪತ್ತು. ಒಳಗಿನ ಕೆಲಸ ಮುಗಿಯುವ ಮೊದಲೇ ಎಡ್ಜ್ ಬಂದುಬಿಟ್ಟರೆ 8ರ ಸ್ಥಾನ ಹಳೆಯ 0 ಅನ್ನೇ ಹಿಡಿದುಕೊಳ್ಳುತ್ತದೆ. ಉಳಿದ ಮೂರು ಸ್ಥಾನಗಳ ದಾರಿ ಗಿಡ್ಡ. ಅವು ಸಮಯಕ್ಕೆ ಸರಿಯಾಗಿ ಬಂದ ತಮ್ಮ ಸೊನ್ನೆಗಳನ್ನು ಹಿಡಿದಿರುತ್ತವೆ. ಫಲಿತಾಂಶ 0000. ಏಳರ ನಂತರ ಎಂಟರ ಬದಲು ಸೊನ್ನೆ. ಆ್ಯಡರಿನಲ್ಲಿ ಕ್ಷಣಮಾತ್ರ ಹಾದುಹೋದ ಆ ಸೊನ್ನೆಯೇ ಇಲ್ಲಿ ಉತ್ತರವಾಗಿ ಕುಳಿತುಬಿಡುತ್ತದೆ. ಅಲ್ಲಿಂದ ಮತ್ತೆ ಒಂದು, ಎರಡು, ಮೂರು ಎಂದು ಎಣಿಕೆ ಶುರು. ಹದಿನಾರರವರೆಗೆ ಎಣಿಸಬೇಕಾದ ಕೌಂಟರ್ ಎಂಟಕ್ಕೇ ಸುತ್ತು ಹಾಕುತ್ತದೆ.

ನಾಲ್ಕು ಔಟ್‌ಪುಟ್ಟಿಗೂ ಎಲ್ಇಡಿ ಹಾಕಿದ್ದರೆ ಇದು ಕಣ್ಣಿಗೇ ಕಾಣುತ್ತದೆ. ಆ ವೇಗದಲ್ಲಿ ಮಿನುಗು ಕಾಣದು; ಪ್ರತಿ ಸ್ಥಾನವೂ ಅರ್ಧ ಹೊತ್ತು ಉರಿಯುವುದರಿಂದ ನಾಲ್ಕೂ ಒಂದೇ ಸಮನೆ ಬೆಳಗಬೇಕು. ಆದರೆ 8ರ ಸ್ಥಾನದ ದೀಪ ಆರಿರುತ್ತದೆ, ಅಥವಾ ಉಳಿದವಕ್ಕಿಂತ ಮಂಕಾಗಿರುತ್ತದೆ. ನೋಡಿದವರು ಮೊದಲು ಆ ಫ್ಲಿಪ್-ಫ್ಲಾಪ್ ಸುಟ್ಟಿದೆ ಎಂದೋ, ಬ್ರೆಡ್‌ಬೋರ್ಡಿನ ತಂತಿ ಸಡಿಲವಾಗಿದೆ ಎಂದೋ ಅನುಮಾನಿಸುತ್ತಾರೆ. ಚಿಪ್ ಬದಲಿಸುತ್ತಾರೆ, ಹೊಸ ಚಿಪ್ ಸ್ವಲ್ಪ ಚುರುಕಾಗಿದ್ದರೆ ಎಲ್ಲ ಸರಿಹೋಗುತ್ತದೆ, ಅನುಮಾನ ನಿಜವಾಯಿತು ಎಂದುಕೊಳ್ಳುತ್ತಾರೆ. ಹಳೆಯ ಚಿಪ್ಪಿನಲ್ಲಿ ಯಾವ ದೋಷವೂ ಇರಲಿಲ್ಲ. 40 ಮತ್ತು 20 ಅತಿ ನಿಧಾನದ ಚಿಪ್ಪಿಗೆ ತಯಾರಕರು ಕೊಡುವ ಗಡಿ, 25 ಅಂಥದ್ದೇ ಗಡಿ ಎಂದು ನಾವು ಹಿಡಿದದ್ದು. ಕೈಗೆ ಸಿಗುವ ಹೆಚ್ಚಿನ ಚಿಪ್‌ಗಳು ಅದಕ್ಕಿಂತ ಬೇಗ ಕೆಲಸ ಮಾಡುತ್ತವೆ. ಅದಕ್ಕೇ ಇಂಥ ಸರ್ಕ್ಯೂಟ್ ಒಬ್ಬರ ಮೇಜಿನ ಮೇಲೆ ಓಡುತ್ತದೆ, ಇನ್ನೊಬ್ಬರದರಲ್ಲಿ ಓಡುವುದಿಲ್ಲ. ಸಿಮಾಸ್ ಚಿಪ್‌ಗಳಲ್ಲಾದರೆ ಸಪ್ಲೈ ವೋಲ್ಟೇಜ್ ತುಸು ಇಳಿದರೂ ಗೇಟ್‌ಗಳು ನಿಧಾನವಾಗುತ್ತವೆ. ಬೆಳಗ್ಗೆ ಓಡಿದ್ದು ಸಂಜೆ ಕೈಕೊಡಬಹುದು.

7474 ಕನಿಷ್ಠ 15 ಮೆಗಾಹರ್ಟ್ಸ್‌ವರೆಗೆ ಓಡುತ್ತದೆ ಎಂದು ಅದೇ ಡೇಟಾಶೀಟಿನಲ್ಲಿದೆ, ನಮ್ಮ ಕೌಂಟರ್ ಎಂಟಕ್ಕೇ ಸೋತಿತಲ್ಲ ಎಂದು ಕೇಳಬಹುದು. ಹದಿನೈದು ಆ ಚಿಪ್ಪಿನ ಸ್ವಂತ ಮಿತಿ. ಸರ್ಕ್ಯೂಟಿನ ಮಿತಿಯನ್ನು ನಡುವಿನ ಗೇಟ್‌ಗಳೂ ಸೇರಿ ನಿರ್ಧರಿಸುತ್ತವೆ: ಫ್ಲಿಪ್-ಫ್ಲಾಪಿನಿಂದ ಹೊರಡಲು 40, ಮೂರು ಗೇಟ್‌ಗಳಿಗೆ 75, ಮುಂದಿನ ಫ್ಲಿಪ್-ಫ್ಲಾಪಿನ ಸೆಟಪ್ಪಿಗೆ 20, ಒಟ್ಟು 135 ನ್ಯಾನೋಸೆಕೆಂಡ್. ಎರಡು ಎಡ್ಜ್‌ಗಳ ನಡುವೆ ಇಷ್ಟಾದರೂ ಇರಬೇಕು. ಅಂದರೆ ಸುಮಾರು 7.4 ಮೆಗಾಹರ್ಟ್ಸ್ ದಾಟಬಾರದು. ಕಾಂಬಿನೇಷನಲ್ ಭಾಗಕ್ಕೂ ಸೀಕ್ವೆನ್ಷಿಯಲ್ ಭಾಗಕ್ಕೂ ಆಗಿರುವ ಒಪ್ಪಂದ ಈ ಒಂದೇ ಸಾಲಿನ ಲೆಕ್ಕ.

ಇದನ್ನು ಸರಿಪಡಿಸಲು ಕ್ಲಾಕ್ ನಿಧಾನ ಮಾಡುವುದು ಒಂದು ದಾರಿ. ಅದಕ್ಕಿಂತ ಒಳ್ಳೆಯದು ದಾರಿಯನ್ನೇ ಗಿಡ್ಡ ಮಾಡುವುದು. ಎರಡು ಆ್ಯಂಡ್ ಗೇಟ್‌ಗಳನ್ನು ಒಂದರ ಹಿಂದೆ ಒಂದು ಇಡುವ ಬದಲು 7411 ಚಿಪ್ಪಿನಲ್ಲಿ ಸಿಗುವ ಮೂರು ಇನ್‌ಪುಟ್ಟಿನ ಒಂದೇ ಆ್ಯಂಡ್ ಹಾಕಿ, ಕೆಳಗಿನ ಮೂರೂ ಸ್ಥಾನಗಳನ್ನು ಅದಕ್ಕೇ ನೇರ ಕೊಟ್ಟರಾಯಿತು. 25 ನ್ಯಾನೋಸೆಕೆಂಡ್ ಉಳಿಯಿತು, ಒಟ್ಟು 110. ಈಗ ಅದೇ ಫ್ಲಿಪ್-ಫ್ಲಾಪ್‌ಗಳು, ಅದೇ 8 ಮೆಗಾಹರ್ಟ್ಸ್. ಆದರೆ ಇನ್ನೂ 15 ನ್ಯಾನೋಸೆಕೆಂಡ್ ಕೈಯಲ್ಲಿದೆ. ಮೊಬೈಲಿನ ಪ್ರೊಸೆಸರ್ ವಿನ್ಯಾಸ ಮಾಡುವವರು ಮಾಡುವುದೂ ಇಂಥದ್ದೇ ಕೆಲಸ. 2 ಗಿಗಾಹರ್ಟ್ಸ್ ಕ್ಲಾಕಿನಲ್ಲಿ ಅವರ ಕೈಗೆ ಸಿಗುವುದು ಅರ್ಧ ನ್ಯಾನೋಸೆಕೆಂಡ್ ಮಾತ್ರ. 7474 ತಯಾರಿಸಿದ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ಕೇಂದ್ರ ತೆರೆಯಿತು. ಇಂದು ಈ ಊರಿನ ಚಿಪ್ ವಿನ್ಯಾಸದ ಕಚೇರಿಗಳಲ್ಲಿ ಕೆಲವು ಎಂಜಿನಿಯರ್‌ಗಳ ಪೂರ್ಣಾವಧಿ ಕೆಲಸವೆಂದರೆ ಲಕ್ಷಗಟ್ಟಲೆ ದಾರಿಗಳಲ್ಲಿ ಈ ಲೆಕ್ಕ ಕೂಡಿಬರುತ್ತದೆಯೇ ಎಂದು ನೋಡುವುದು. ಉಳಿಯುವ ಸಮಯಕ್ಕೆ ಅವರು ಸ್ಲ್ಯಾಕ್ ಎನ್ನುತ್ತಾರೆ. ನಮ್ಮ ಮೊದಲ ಕೌಂಟರಿನ ಸ್ಲ್ಯಾಕ್ ಮೈನಸ್ 10, ಎರಡನೆಯದರದು ಪ್ಲಸ್ 15.

ಸೆಟಪ್ ತಪ್ಪಿದಾಗ ಹಳೆಯ ಬಿಟ್ಟೋ ಹೊಸ ಬಿಟ್ಟೋ, ಎರಡರಲ್ಲೊಂದು ಸಿಗುತ್ತದೆ ಎಂದು ಇಲ್ಲಿಯವರೆಗೆ ಇಟ್ಟುಕೊಂಡೆ. ಯಾವಾಗಲೂ ಹಾಗಾಗುವುದಿಲ್ಲ. ಇನ್‌ಪುಟ್ ಬದಲಾಗುವುದೂ ಬಾಗಿಲು ಮುಚ್ಚುವುದೂ ತೀರ ಒಟ್ಟಿಗಾದರೆ ಬಳೆಯೊಳಗಿನ ವೋಲ್ಟೇಜ್ 0ಗೂ ಅಲ್ಲದ 1ಕ್ಕೂ ಅಲ್ಲದ ನಡುವಿನ ಒಂದು ಮಟ್ಟದಲ್ಲಿ ಸಿಕ್ಕಿಕೊಳ್ಳಬಹುದು. ಗ್ರಹಣದ ಹೊತ್ತಿನಲ್ಲಿ ತಟ್ಟೆಯ ನೀರಿನಲ್ಲಿ ನೆಟ್ಟಗೆ ನಿಲ್ಲಿಸಿದ ಒನಕೆಯಂತೆ ಅದು. ಬೀಳುವುದು ಖಚಿತ, ಯಾವ ಕಡೆಗೆ, ಎಷ್ಟು ಹೊತ್ತಿಗೆ ಎಂದು ಹೇಳಲಾಗದು. ಇದಕ್ಕೆ ಮೆಟಾಸ್ಟೆಬಿಲಿಟಿ ಎಂದು ಹೆಸರು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಥಾಮಸ್ ಚೇನಿ ಮತ್ತು ಚಾರ್ಲ್ಸ್ ಮೋಲ್ನಾರ್ 1973ರಲ್ಲಿ ಈ ಬಗ್ಗೆ ಪ್ರಬಂಧ ಪ್ರಕಟಿಸಿ, ಫ್ಲಿಪ್-ಫ್ಲಾಪ್‌ಗಳು ಹೀಗೆ ನಡುವೆ ನಿಲ್ಲುವುದನ್ನು ತೋರಿಸಿಕೊಟ್ಟರು.

ನಮ್ಮ ಕೌಂಟರಿನಂಥ ಸರ್ಕ್ಯೂಟಿನಲ್ಲಿ ಲೆಕ್ಕ ಸರಿಯಾಗಿಟ್ಟರೆ ಈ ಕಾಟ ಬರದಂತೆ ನೋಡಿಕೊಳ್ಳಬಹುದು. ಆದರೆ ಮನುಷ್ಯ ಒತ್ತುವ ಗುಂಡಿಗೆ ಕ್ಲಾಕ್ ಗೊತ್ತಿಲ್ಲ, ಅದು ಎಡ್ಜ್‌ನ ಪಕ್ಕದಲ್ಲೇ ಬದಲಾಗುವುದನ್ನು ತಡೆಯಲಾಗದು. ಅದಕ್ಕೇ ಹೊರಗಿನಿಂದ ಬರುವ ಸಿಗ್ನಲ್ಲನ್ನು ಒಂದರ ಹಿಂದೆ ಒಂದಿಟ್ಟ ಎರಡು ಫ್ಲಿಪ್-ಫ್ಲಾಪ್‌ಗಳ ಮೂಲಕ ಒಳಗೆ ಬಿಡುವುದು ರೂಢಿ. ಮೊದಲನೆಯದು ತತ್ತರಿಸಿದರೂ ಒಂದು ಕ್ಲಾಕ್ ಅವಧಿಯೊಳಗೆ ಒಂದು ಕಡೆ ಬಿದ್ದಿರುವ ಸಾಧ್ಯತೆಯೇ ಬಹುಪಾಲು. ಎರಡನೆಯದು ಆಮೇಲೆ ಓದುತ್ತದೆ. ಅಪಾಯ ಪೂರ್ತಿ ಹೋಗುವುದಿಲ್ಲ, ಆದರೆ ಕಾದಷ್ಟೂ ಅದು ಬಲು ಬೇಗ ಕುಗ್ಗುತ್ತದೆ.

ಕೊನೆಗೆ, ಸೆಟಪ್ಪಿನ ಜೊತೆಗಾರ ಹೋಲ್ಡ್ ಟೈಮ್ ಬಗ್ಗೆ ಒಂದು ಮಾತು. ಬಾಗಿಲು ಪೂರ್ತಿ ಮುಚ್ಚಲೂ ಚೂರು ಸಮಯ ಬೇಕಲ್ಲ, ಅಷ್ಟು ಹೊತ್ತು ಎಡ್ಜ್‌ನ ನಂತರವೂ ಇನ್‌ಪುಟ್ ಕದಲಬಾರದು. 7474ರಲ್ಲಿ ಇದು 5 ನ್ಯಾನೋಸೆಕೆಂಡ್. ಇಲ್ಲಿ ತೊಂದರೆ ಉಲ್ಟಾ: ಹೊಸ ಬಿಟ್ ತೀರ ಬೇಗ ಬಂದು ಹಳೆಯದನ್ನು ಅಳಿಸಿಬಿಡುತ್ತದೆ. ನಡುವೆ ಗೇಟೇ ಇಲ್ಲದೆ ಒಂದರ ಔಟ್‌ಪುಟ್ ನೇರ ಇನ್ನೊಂದಕ್ಕೆ ಹೋಗುವ ಕಡೆ, ಎರಡನೆಯದಕ್ಕೆ ಕ್ಲಾಕ್ ತುಸು ತಡವಾಗಿ ತಲುಪಿದರೆ ಹೀಗಾಗುತ್ತದೆ. ಹೋಲ್ಡ್‌ನ ಲೆಕ್ಕದಲ್ಲಿ ಎರಡು ಎಡ್ಜ್‌ಗಳ ನಡುವಿನ ಅಂತರ ಎಲ್ಲೂ ಬರುವುದೇ ಇಲ್ಲ. ಆದ್ದರಿಂದ ಕ್ಲಾಕನ್ನು ಎಷ್ಟು ನಿಧಾನ ಮಾಡಿದರೂ ಅದು ವಾಸಿಯಾಗದು. ಸೆಟಪ್ ತಪ್ಪಿದ ಚಿಪ್ಪನ್ನು ಕಡಿಮೆ ವೇಗದಲ್ಲಾದರೂ ಬಳಸಬಹುದು. ಹೋಲ್ಡ್ ತಪ್ಪಿದ ಚಿಪ್ ಬಹುಮಟ್ಟಿಗೆ ಕಸದ ಬುಟ್ಟಿಗೇ.

ಹಾಗಾಗಿ ಡಿಜಿಟಲ್ ಲ್ಯಾಬಿನಲ್ಲಿ ಕೌಂಟರ್ ಲೆಕ್ಕ ತಪ್ಪಿದರೆ ವಿದ್ಯಾರ್ಥಿಗಳು ಚಿಪ್ ಕೀಳುವ ಮೊದಲು ಕ್ಲಾಕನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿ ನೋಡಲಿ. ಲೆಕ್ಕ ಸರಿಹೋದರೆ ಸೆಟಪ್ ತಪ್ಪಿರುವ ಅನುಮಾನವೇ ಮೊದಲು. ಅತಿ ಉದ್ದದ ದಾರಿಯಲ್ಲಿ ಎಷ್ಟು ಗೇಟ್‌ಗಳಿವೆ ಎಂದು ಎಣಿಸಿ. ಸರಿಹೋಗದಿದ್ದರೆ ಕ್ಲಾಕಿನ ತಂತಿ ಯಾವ ಫ್ಲಿಪ್-ಫ್ಲಾಪನ್ನು ಮೊದಲು ಮುಟ್ಟುತ್ತದೆ, ಯಾವುದನ್ನು ಆಮೇಲೆ ಎಂದು ನೋಡಿ. ತಂತಿ ಸಡಿಲವಾಗಿದೆಯೇ ಎಂದು ಹುಡುಕುವುದು ಇವೆರಡೂ ಆದ ಮೇಲೆ.